ಗಲ್ಲಾದಾಗ ಹೆಚ್ಚು, ಡಬ್ಬಿಯಾಗ ಕಡಿಮಿ

ಬಾಗಲಕೋಟೆ ನವನಗರದ ಆ ಕಿರಾಣಿ ಅಂಗಡಿಯಲ್ಲಿ ಸ್ಟಾಕ್ ಶೀಟ್ ಒಂದು ತಿಂಗಳೂ ತಾಳೆಯಾಗುತ್ತಿರಲಿಲ್ಲ. ಬೇಳೆ, ಸಕ್ಕರೆ, ಎಣ್ಣೆ ಎಲ್ಲ ಸರಿ. ಕಡಿಮೆ ಬೀಳುತ್ತಿದ್ದುದು ಬರೀ ಚಾಕ್ಲೇಟು, ಕಡ್ಡಿಪೆಟ್ಟಿಗೆ.

"ಇಲಿ ತಿಂದಿರ್ಬೇಕ ಬಿಡವಾ," ಅಂದ ಅಪ್ಪ.

"ಇಲಿ ಕಡ್ಡಿಪೆಟ್ಗಿನೂ ತಿಂತಾವೇನ ಯಪ್ಪಾ?"

ಬಿ.ಕಾಂ. ಓದುತ್ತಿದ್ದ ಸಾವಿತ್ರಿಗೆ ಕೆಲಸದ ಹುಡುಗನ ಮೇಲೇ ಅನುಮಾನ. ಅವನ ಮೇಲೆ ಕಣ್ಣಿಡಲೆಂದೇ ಸಂತೆ ದಿನ ಜೋಳದ ಚೀಲದ ಮೇಲೆ ಕುಳಿತಳು. ಹುಡುಗ ಪಾಪ, ಡಬ್ಬಿ ಮುಟ್ಟಲಿಲ್ಲ. ಮುಟ್ಟಿದ್ದು ಅಪ್ಪ. ನಲವತ್ತೊಂಬತ್ತು ರೂಪಾಯಿ ಸಾಮಾನಿಗೆ ಐವತ್ತರ ನೋಟು ಬಂತು. "ಚಿಲ್ಲರ ಇಲ್ರೀ ಅಕ್ಕಾರ," ಅನ್ನುತ್ತ ಒಂದು ಚಾಕ್ಲೇಟು ಕೊಟ್ಟ. ಮಕ್ಕಳಿಲ್ಲದವರಿಗೆ ಕಡ್ಡಿಪೆಟ್ಟಿಗೆ. ವಹಿಯಲ್ಲಿ ಬರೆದದ್ದು ಮಾತ್ರ ನಲವತ್ತೊಂಬತ್ತೇ.

ರಾತ್ರಿ ಗಲ್ಲಾ ಎಣಿಸಿದಳು. ವಹಿಗಿಂತ ಮೂವತ್ತೊಂದು ರೂಪಾಯಿ ಹೆಚ್ಚು.

"ಈ ಹೆಚ್ಚಿನ ರೊಕ್ಕ ದಿನಾ ಏನ್ ಮಾಡ್ತಿದ್ದಿ?"

"ಅದಾ? ನನ್ನ ಚಾದ್ದು," ಅಂದ ಅಪ್ಪ, ಶೆಟರ್ ಎಳೆಯುತ್ತ.

ಮರುದಿನ ಶೀಟಿನಲ್ಲಿ 'ಚಿಲ್ಲರೆ' ಅಂತ ಹೊಸ ಕಾಲಂ ಬಂತು. ಪಕ್ಕದಲ್ಲೇ ಇನ್ನೊಂದು: 'ಅಪ್ಪನ ಚಾ'.