ತಿಂಗಳ ಕೊನೆಯ ಜರ್ನಲ್ ಎಂಟ್ರಿಗಳು: ಹ್ಯಾಂಡೋವರ್ ಟಿಪ್ಪಣಿ

ಉದ್ಯಮಬಾಗ್, ಬೆಳಗಾವಿ
ಜೂನ್ 28

ಮೇಡಂ, ನಮಸ್ಕಾರ.

30ಕ್ಕೆ ನನ್ನ ಕೊನೆಯ ದಿನ. ಹಾಗಾಗಿ ಜೂನ್ ಕ್ಲೋಸಿಂಗ್ ನೀವೇ ಮಾಡಬೇಕು. ಪ್ರತಿ ತಿಂಗಳು ಹಾಕುವ ಜರ್ನಲ್‌ಗಳು ಮತ್ತು ಅವುಗಳ ಶೆಡ್ಯೂಲ್‌ಗಳು ಎಲ್ಲಿವೆ ಅಂತ ಕೆಳಗೆ ಬರೆದಿದ್ದೇನೆ. ಎಲ್ಲ ಶೀಟೂ ಸರ್ವರ್‌ನ `MONTH_END` ಫೋಲ್ಡರ್‌ನಲ್ಲಿವೆ. ನಾನು ಬಿಡದೆ ಪಾಲಿಸಿದ್ದು ಒಂದೇ: ಶೆಡ್ಯೂಲ್‌ನ ಬಾಕಿ ಟ್ಯಾಲಿ ಲೆಡ್ಜರ್‌ಗೆ ಪೈಸೆ ಸಮೇತ ತಾಳೆ ಆಗುವ ತನಕ ತಿಂಗಳು ಮುಗಿಯಿತು ಅಂತ ಸಾಹೇಬರಿಗೆ ಹೇಳಬೇಡಿ.

ಕರೆಂಟ್ ಬಿಲ್ ಪ್ರೊವಿಷನ್ (`Power_Provision.xlsx`)

ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕಂದ್ರೆ ಫೌಂಡ್ರಿಯಲ್ಲಿ ಕಬ್ಬಿಣ, ಸ್ಕ್ರ್ಯಾಪ್ ಬಿಟ್ಟರೆ ದೊಡ್ಡ ಖರ್ಚು ಫರ್ನೇಸ್ ಕರೆಂಟು. ಹೆಸ್ಕಾಂ ಬಿಲ್ ನಮ್ಮ ಕೈಗೆ ಬರುವುದು ಮುಂದಿನ ತಿಂಗಳು. ಅದಕ್ಕೇ ಕೊನೆಯ ದಿನ ಪವರ್ ಚಾರ್ಜಸ್ ಡೆಬಿಟ್, ಪವರ್ ಪ್ರೊವಿಷನ್ ಕ್ರೆಡಿಟ್. ಯೂನಿಟ್ ಲೆಕ್ಕಕ್ಕೆ ಫರ್ನೇಸ್ ಸೂಪರ್‌ವೈಸರ್ ಹತ್ತಿರ ನೀಲಿ ರಟ್ಟಿನ ಲಾಗ್‌ಬುಕ್ ಇದೆ. ಬೆಳಗಿನ ಶಿಫ್ಟ್ ಬದಲಾಗುವಾಗ ರೀಡಿಂಗ್ ಬರೆಯುತ್ತಾರೆ. ಎರಡು ರೀಡಿಂಗ್ ಕಳೆದರೆ ಸಿಗುವ ಸಂಖ್ಯೆ ಯೂನಿಟ್ ಅಲ್ಲ. ಅದನ್ನು ಬಿಲ್‌ನಲ್ಲಿರುವ ಮೀಟರ್ ಕಾನ್‌ಸ್ಟಂಟ್‌ನಿಂದ ಗುಣಿಸಬೇಕು. ಡಿಮ್ಯಾಂಡ್ ಚಾರ್ಜ್ ಬೇರೆ ಸೇರಿಸಿ.

1ನೇ ತಾರೀಖಿಗೇ ಉಲ್ಟಾ ಎಂಟ್ರಿ ಹಾಕಿಬಿಡಿ. ಎರಡು ವರ್ಷದ ಹಿಂದೆ ಅಕ್ಟೋಬರ್‌ನ 4,86,000 ರೂಪಾಯಿ ಪ್ರೊವಿಷನ್ ರಿವರ್ಸ್ ಮಾಡುವುದು ನನ್ನ ಕೈಯಿಂದ ತಪ್ಪಿತು. ಬಿಲ್ ಕೂಡ ಖರ್ಚಿಗೆ ಹೋಯಿತು, ಪ್ರೊವಿಷನ್ ಕೂಡ ಉಳಿಯಿತು. ಸಿಕ್ಕಿದ್ದು ಆಡಿಟ್‌ನಲ್ಲಿ. ಅಷ್ಟರಲ್ಲಿ ಆ ತಪ್ಪು ಲಾಭ ನೋಡಿ ಸಾಹೇಬರು ಒಂದು ಕಾಸ್ಟಿಂಗ್‌ನ ರೇಟ್ ಕೊಟ್ಟಾಗಿತ್ತು. ಆ ಬೇಜಾರು ನನಗೆ ಇನ್ನೂ ಇದೆ. ಇನ್ನೊಂದು, ಟ್ಯಾಲಿಯಲ್ಲಿರುವ `Reversing Journal` ಬಳಸಬೇಡಿ. ಅದು ಸಿನಾರಿಯೋ ರಿಪೋರ್ಟ್‌ಗೆ ಮಾತ್ರ, ನಿಜವಾದ ಲೆಡ್ಜರ್‌ಗೆ ಬರುವುದಿಲ್ಲ. ಮಾಮೂಲಿ F7 ಜರ್ನಲ್ಲೇ ಸಾಕು.

ಸಂಬಳ (`Salary_JV.xlsx`)

42 ಜನರ ಶೀಟ್ ಎಚ್‌ಆರ್‌ನಿಂದ 2ನೇ ತಾರೀಖಿನೊಳಗೆ ಬರುತ್ತದೆ. ಗ್ರಾಸ್ ಸಂಬಳ ಡೆಬಿಟ್. ಪಿಎಫ್, ಇಎಸ್‌ಐ, ಪ್ರೊಫೆಷನಲ್ ಟ್ಯಾಕ್ಸ್, ಟಿಡಿಎಸ್, ಅಡ್ವಾನ್ಸ್ ಕಡಿತ, ಉಳಿದ ನೆಟ್ ಕ್ರೆಡಿಟ್. ಕಂಪನಿ ಪಾಲಿಗೆ ಇನ್ನೊಂದು ಜರ್ನಲ್: ಪಿಎಫ್ 12%, ಇಡಿಎಲ್‌ಐ 0.5%, ಅಡ್ಮಿನ್ ಚಾರ್ಜ್ 0.5%, ಇಎಸ್‌ಐ 3.25%. ಪಿಎಫ್, ಇಎಸ್‌ಐ ಕಟ್ಟಲು 15 ಕೊನೆ, ಟಿಡಿಎಸ್ 7. ಅಡ್ವಾನ್ಸ್ ಶೀಟನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೋಲ್ಡಿಂಗ್‌ನವರು ಹಬ್ಬಕ್ಕೆ, ಮಕ್ಕಳ ಫೀಸಿಗೆ ಅಂತ ತೆಗೆದುಕೊಂಡಿರುತ್ತಾರೆ. ಒಂದು ಕಂತು ಜಾಸ್ತಿ ಕಡಿತವಾದರೂ ಅವರ ಮನೆಗೆ ಹೊಡೆತ.

ಬೋನಸ್ 8.33% ಪ್ರತಿ ತಿಂಗಳೂ ಪ್ರೊವಿಷನ್ ಮಾಡಿ. ಅದೇ ಫೈಲ್‌ನ ಎರಡನೇ ಶೀಟ್.

ಡಿಪ್ರಿಸಿಯೇಷನ್ (`FA_Register.xlsx`)

ಈ ತಿಂಗಳು ಇಲ್ಲಿ ಹೊಸದೊಂದಿದೆ. 18,00,000 ರೂಪಾಯಿಯ ಮೋಲ್ಡಿಂಗ್ ಮಷೀನ್ ಜೂನ್ 12ಕ್ಕೆ ಚಾಲು ಆಯಿತು. 15 ವರ್ಷ, 5% ಉಳಿಕೆ ಮೌಲ್ಯ, ಸ್ಟ್ರೇಟ್ ಲೈನ್. ವರ್ಷಕ್ಕೆ 1,14,000. ಜೂನ್‌ಗೆ 19 ದಿನದ್ದು ಮಾತ್ರ, 5,934 ರೂಪಾಯಿ. ಜುಲೈನಿಂದ 9,500. ರಿಜಿಸ್ಟರ್‌ನಲ್ಲಿ ಸಾಲು ಸೇರಿಸಿದ್ದೇನೆ, ಟ್ಯಾಲಿಯಲ್ಲಿ ಎಂಟ್ರಿ ಹಾಕಿಲ್ಲ.

ವಿಮೆ (`Prepaid.xlsx`)

ಫ್ಯಾಕ್ಟರಿ ಪಾಲಿಸಿ ಏಪ್ರಿಲ್ 1ರಿಂದ, 1,44,000 ರೂಪಾಯಿ. ತಿಂಗಳಿಗೆ 12,000 ಖರ್ಚಿಗೆ. ಜೂನ್ ಎಂಟ್ರಿ ಆದ ಮೇಲೆ ಪ್ರೀಪೇಯ್ಡ್‌ನಲ್ಲಿ 1,08,000 ನಿಲ್ಲಬೇಕು.

ಟರ್ಮ್ ಲೋನ್ (`Loan_Amort.xlsx`)

ಕಂತು 85,000. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದೇ ಸಾಲಾಗಿ ಬರುತ್ತದೆ. ನಮ್ಮ ಹುಡುಗ ಪೂರ್ತಿ ಲೋನ್ ಖಾತೆಗೆ ಹಾಕಿಬಿಡುತ್ತಾನೆ, ಆಮೇಲೆ ಬಡ್ಡಿ ಬೇರೆ ಮಾಡುವ ಜರ್ನಲ್ ನಮ್ಮದು. ಜೂನ್ ಆರಂಭಕ್ಕೆ ಬಾಕಿ 38,00,000, ಬಡ್ಡಿ 10.2%. ಅಂದರೆ ಬಡ್ಡಿ 32,300, ಅಸಲು 52,700. ಬಡ್ಡಿ ದರ ಬದಲಾದರೆ ಬ್ಯಾಂಕಿನಿಂದ ಹೊಸ ಶೆಡ್ಯೂಲ್ ಕೇಳಿ ಪಡೆಯಿರಿ, ಹಳೇ ಶೀಟನ್ನು ಕೈಯಿಂದ ತಿದ್ದಬೇಡಿ.

ಲಾರಿ ಬಾಡಿಗೆಯ ಜಿಎಸ್‌ಟಿ (`RCM_Freight.xlsx`)

ಹೊಸಪೇಟೆ ಕಡೆಯಿಂದ ಪಿಗ್ ಐರನ್ ತರುವ ಟ್ರಾನ್ಸ್‌ಪೋರ್ಟ್‌ನವರು ತಾವು ಟ್ಯಾಕ್ಸ್ ಹಾಕುವುದಿಲ್ಲ. ರಿವರ್ಸ್ ಚಾರ್ಜ್‌ನಲ್ಲಿ 5% ನಾವೇ ಕಟ್ಟಬೇಕು. ಗೇಟ್‌ನಲ್ಲಿ ಸೇರುವ ಎಲ್‌ಆರ್ ಪ್ರತಿಗಳೇ ಇದಕ್ಕೆ ಆಧಾರ. ವಾಚ್‌ಮನ್ ಅವನ್ನು ಕ್ಲಿಪ್‌ಗೆ ಸಿಕ್ಕಿಸಿ ಇಟ್ಟಿರುತ್ತಾರೆ, ನೀವೇ ಹೋಗಿ ತರಬೇಕು. ಈ ಟ್ಯಾಕ್ಸ್ ಕ್ಯಾಶ್ ಲೆಡ್ಜರ್‌ನಿಂದಲೇ ಹೋಗಬೇಕು, ಕ್ರೆಡಿಟ್‌ನಿಂದ ಆಗುವುದಿಲ್ಲ. ಕಟ್ಟಿದ್ದನ್ನು ಇನ್‌ಪುಟ್ ಆಗಿ ತೆಗೆದುಕೊಳ್ಳುವುದು ಮರೆಯಬೇಡಿ. ಔಟ್‌ಪುಟ್, ಇನ್‌ಪುಟ್ ಹೊಂದಿಸುವ ಜರ್ನಲನ್ನು 3ಬಿ ಫೈಲ್ ಮಾಡಿದ ದಿನ, ಪೋರ್ಟಲ್‌ನ ಅಂಕಿ ನೋಡಿಕೊಂಡೇ ಹಾಕಿ.

ಎಲ್ಲ ಜರ್ನಲ್‌ನ ನರೇಷನ್‌ನಲ್ಲೂ ಶೀಟ್ ಹೆಸರು, ತಿಂಗಳು ಬರೆಯಿರಿ. ಮೇ ತಿಂಗಳ ಪ್ರಿಂಟ್‌ಗಳು ಸಹಿ ಸಮೇತ ಕಪಾಟಿನ ಎರಡನೇ ಹಲಗೆಯಲ್ಲಿ, ಹಸಿರು ಫೈಲ್‌ನಲ್ಲಿವೆ. ಬಾಕಿ ಇರುವುದು ಒಂದೇ: ಜೂನ್‌ನ ನಾಲ್ಕು ಎಲ್‌ಆರ್ ಇನ್ನೂ ಗೇಟ್‌ನಲ್ಲೇ ಇವೆ. ಸೋಮವಾರ ಬೆಳಿಗ್ಗೆ ಇಬ್ಬರೂ ಸೇರಿ ಹೋಗಿ ತರೋಣ, ವಾಚ್‌ಮನ್‌ಗೂ ನಿಮ್ಮ ಪರಿಚಯ ಆಗಲಿ.