ಉಪ್ಪರಿಗೆಯ ಜಂತೆಗೆ 3×7 ಇಂಚು ಯಾಕೆ: ಲೆಕ್ಕದ ಟಿಪ್ಪಣಿ

ಯಜಮಾನರಿಗೆ ನಮಸ್ಕಾರ,

ಸಾಗರದ ನಿಮ್ಮ ಮನೆಯ ಮಲಗುವ ಕೋಣೆ ಮೇಲೆ ಬರುವ ಮರದ ಉಪ್ಪರಿಗೆಯ ಲೆಕ್ಕ ಇದು. 3×6 ಸಾಕು ಅಂತ ಆಚಾರಿಗಳು ಹೇಳಿದ್ದಾರೆ. ನಾನು 3×7 (75×175 ಮಿ.ಮೀ.) ಬರೆದಿದ್ದೇನೆ. ಮರದ ರೇಟು ನೋಡಿದರೆ ನೀವು ಕಾರಣ ಕೇಳುವುದು ಸರಿಯೇ.

ಕೋಣೆಯ ಅಗಲ ಗೋಡೆಯಿಂದ ಗೋಡೆಗೆ 3.6 ಮೀಟರ್. ಎರಡೂ ಕಡೆ ಗೋಡೆ ಮೇಲೆ ಕೂರುವ ಭಾಗದ ಅರ್ಧರ್ಧ ಸೇರಿಸಿ ಲೆಕ್ಕಕ್ಕೆ 3.7 ಮೀಟರ್ ಹಿಡಿದಿದ್ದೇನೆ. ಜಂತೆಗಳ ನಡುವಿನ ಅಂತರ, ಮಧ್ಯದಿಂದ ಮಧ್ಯಕ್ಕೆ, 450 ಮಿ.ಮೀ. ಮರ ಒಣಗಿದ ಸಾಗುವಾನಿ.

ವಾಸದ ಕೋಣೆಗೆ ಜನ, ಮಂಚ, ಬೀರು ಎಲ್ಲ ಸೇರಿ ಚದರ ಮೀಟರಿಗೆ 200 ಕೆ.ಜಿ. ಹಿಡಿಯಬೇಕು ಅಂತ ಕಟ್ಟಡದ ಭಾರಗಳ ಭಾರತೀಯ ಮಾನದಂಡ IS 875 ಹೇಳುತ್ತದೆ. ಒಂದು ಇಂಚಿನ ಹಲಗೆ, ಜಂತೆಯ ಸ್ವಂತ ತೂಕ, ಕೆಳಗೆ ನೀವು ಹಾಕಿಸುವ ಜಿಪ್ಸಮ್ ಸೀಲಿಂಗ್ ಸೇರಿ ಇನ್ನೊಂದು 50 ಕೆ.ಜಿ. ಒಟ್ಟು 250. ಅಂದರೆ ಒಂದೊಂದು ಜಂತೆಗೆ ಮೀಟರಿಗೆ ಸುಮಾರು 112 ಕೆ.ಜಿ., 1.10 kN/m. ಕೆಳಗೆ w ಅಂದರೆ ಈ ಭಾರ, L ಅಂದರೆ 3.7 ಮೀಟರ್ ಉದ್ದ, M ಅಂದರೆ ಜಂತೆಯನ್ನು ಬಾಗಿಸುವ ಪರಿಣಾಮ. ಎರಡನೇ ಸಾಲು ಅದರಿಂದ ಮರದೊಳಗೆ ಬರುವ ಒತ್ತಡ.

```
M = wL²/8 = 1.10 × 3.7² / 8 = 1.88 kN·m
3×6: 6.7 N/mm²    3×7: 4.9 N/mm²
```

ಸಾಗುವಾನಿಗೆ ನಾನು ಇಟ್ಟುಕೊಂಡ ಮಿತಿ 10 N/mm². ಎರಡೂ ಪಾಸು. 3×6 ಹಾಕಿದರೂ ಮುರಿಯುವುದಿಲ್ಲ, ಆಚಾರಿಗಳು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ತೊಂದರೆ ಇರುವುದು ಬಾಗುವುದರಲ್ಲಿ. ಕೆಳಗೆ δ ಅಂದರೆ ಜಂತೆ ನಡುವೆ ಎಷ್ಟು ತಗ್ಗುತ್ತದೆ ಅನ್ನುವುದು, E ಅಂದರೆ ಮರದ ಬಿಗಿ, I ಅಂದರೆ ಜಂತೆಯ ಅಗಲ-ಎತ್ತರದಿಂದ ಬರುವ ಬಿಗಿ.

```
δ = 5wL⁴ / 384EI   (E = 9500 N/mm²)
3×6: 13.4 mm    3×7: 8.4 mm
```

ಬರೀ ಹಲಗೆ ನೆಲವಾದರೆ ಉದ್ದದ 1/240, ಅಂದರೆ 15 ಮಿ.ಮೀ. ತನಕ ಬಾಗಬಹುದು. ಕೆಳಗೆ ಜಿಪ್ಸಮ್ ಇದ್ದರೆ 1/360 ದಾಟಬಾರದು, ನಿಮ್ಮ ಕೋಣೆಗೆ 10.3 ಮಿ.ಮೀ. 3×6 ಹಾಕಿದರೆ ಸೀಲಿಂಗಿನ ಜೋಡಣೆಯಲ್ಲಿ ಕೂದಲೆಳೆ ಬಿರುಕು ಬರಬಹುದು. ಮೇಲೆ ಮಕ್ಕಳು ಓಡಿದರೆ ಕೆಳಗೆ ಮಲಗಿದವರಿಗೆ ನೆಲ ಅದುರುವುದು ಗೊತ್ತಾಗುತ್ತದೆ.

ಎತ್ತರ ಒಂದೇ ಇಂಚು ಜಾಸ್ತಿ. ಮರ ಆರನೇ ಒಂದು ಭಾಗ ಹೆಚ್ಚು ಬೇಕು, ಬಿಗಿ ಮಾತ್ರ ಶೇ. 59 ಏರುತ್ತದೆ. ಅದೇ ಕಾರಣಕ್ಕೆ ಜಂತೆಯನ್ನು ನಿಲ್ಲಿಸಿಯೇ ಕೂರಿಸಬೇಕು. ಅಡ್ಡ ಮಲಗಿಸಿದರೆ ಐದು ಪಟ್ಟಿಗಿಂತ ಜಾಸ್ತಿ ಬಾಗುತ್ತದೆ.

ತುದಿಯಲ್ಲಿ ಕತ್ತರಿಸುವ ಒತ್ತಡ 0.23, ಗೋಡೆ ಮೇಲಿನ ಒತ್ತಡ 0.27 N/mm². ಎರಡೂ ತೀರಾ ಕಮ್ಮಿ, ಚಿಂತೆ ಬೇಡ. ಆದರೆ ಎರಡೂ ಕಡೆ ಕನಿಷ್ಠ 100 ಮಿ.ಮೀ. ಗೋಡೆ ಮೇಲೆ ಕೂರಲೇಬೇಕು. ತುದಿಗೆ ಗೆದ್ದಲಿನ ಔಷಧಿ ಹಚ್ಚಿ, ಸುತ್ತ ಗಾಳಿಯಾಡಲು ಸ್ವಲ್ಪ ಜಾಗ ಬಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿದು ಜಂತೆ ಕೊಳೆಯಲು ಶುರುವಾಗುವುದು ಅಲ್ಲಿಂದಲೇ.

ಕೋಣೆಯ 4.5 ಮೀಟರ್ ಉದ್ದಕ್ಕೆ ಗೋಡೆ ಪಕ್ಕದ ಎರಡೂ ಸೇರಿ 11 ಜಂತೆ ಬೇಕು. ವೈರಿಂಗಿನವರು ತೂತು ಕೊರೆಯುವುದಾದರೆ ಎತ್ತರದ ಮಧ್ಯದಲ್ಲಿ, ಸಣ್ಣದಾಗಿ ಕೊರೆಯಲಿ. ಕೆಳ ಅಂಚಿನಲ್ಲಿ ಕಚ್ಚು ಹಾಕಲು ಬಿಡಲೇಬೇಡಿ. ಮೇಲೆ ನೀರಿನ ಟ್ಯಾಂಕ್ ಅಥವಾ ಗೋಡೆಯುದ್ದ ಪುಸ್ತಕದ ಕಪಾಟು ಇಡುವ ಯೋಚನೆ ಇದ್ದರೆ ಮರ ಕೊಯ್ಸುವ ಮೊದಲೇ ಹೇಳಿ. ಆ ಭಾರ ಈ ಲೆಕ್ಕದಲ್ಲಿ ಇಲ್ಲ.