ಮೂರನೇ ಸಾಲು

ಶೆಡ್‌ನಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಫೋನನ್ನು ಸರಳಿಗೆ ಕಟ್ಟಿ, ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಎರಡು ಕೀಲಿ ಇಲ್ಲ. ಆದರೂ ಒಡೆದ ಫೋನ್ ಪರದೆಗಿಂತ ವಾಸಿ, ಅಲ್ವಾ?

ಶಾಲೆಯ ಲೈವ್ ಶುರುವಾಯಿತು. ಭಾಷಣ, ಮತ್ತೆ ಭಾಷಣ. ಅಷ್ಟರಲ್ಲಿ ಲ್ಯಾಪ್‌ಟಾಪ್ ಸುಮ್ನೆ ಅಪ್‌ಡೇಟ್ ಇಳಿಸಿಕೊಳ್ಳತೊಡಗಿತು. ದಿನದ ಡೇಟಾ ಅರ್ಧ ಖಾಲಿ! ಜೊತೆಯವನು ಅದನ್ನು ನಿಲ್ಲಿಸಿ, ವಿಡಿಯೋವನ್ನು 144pಗೆ ಇಳಿಸಿದ. ಮುಖಗಳೆಲ್ಲ ಚೌಕ ಚೌಕ.

“ನಿನ್ನ ಮಗಳು ಯಾರೋ?”

“ಮೂರನೇ ಸಾಲು. ಎಲ್ಲರೂ ಬಲಗೈ ಎತ್ತಿದಾಗ ಎಡಗೈ ಎತ್ತುತ್ತಾಳಲ್ಲ, ಅವಳೇ.”

ಹಾಡು ಮುಗಿಯುವ ಮೊದಲೇ ಡೇಟಾ ಮುಗಿಯಿತು.

ರಾತ್ರಿ ಫೋನ್ ಮಾಡಿದ.

“ಅಪ್ಪಾ, ನಾನು ಕಂಡ್ನಾ?”

“ಕಂಡೆ ಮಗಳೇ. ಕೊನೆಗೆ ಏನು ಮಾಡಿದ್ರಿ, ಅದೊಂದು ಹೇಳು.”